ನಾಲ್ಕು ಕ್ರಾಸಿನ ಬ್ರೋಕರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಬ್ಬರಾದರೂ ಇಂಥವರು ಇರುತ್ತಾರೆ. ಸಂಜೆ ಹೊತ್ತು ಬೇಕರಿ ಮುಂದೆ ಬೈಟು ಟೀ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಬೆರಳಲ್ಲಿ ಊರವರ ಮನೆಗಳ ಬೀಗದ ಕೈ ಗೊಂಚಲು. ನಮ್ಮ ಬಡಾವಣೆಯ ಬ್ರೋಕರನ್ನು ಕಂಡರೆ ಮನೆ ಕೊಳ್ಳುವವರು ರಸ್ತೆ ದಾಟಿ ಬಂದು ಮಾತಾಡಿಸುತ್ತಾರೆ, ಮಾರುವವರು ರಸ್ತೆ ದಾಟಿ ಆಚೆ ಹೋಗುತ್ತಾರೆ. ಇಷ್ಟಾದರೂ ಮಾರುವವರು ಕೊನೆಗೆ ಅವರ ಹತ್ತಿರವೇ ಬರಬೇಕು. ಕೊಳ್ಳುವವರೆಲ್ಲ ಅಲ್ಲಿ ನಿಂತಿರುತ್ತಾರಲ್ಲ!

ಬೇರೆ ಬ್ರೋಕರುಗಳು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಮನೆ ತೋರಿಸುತ್ತಾರೆ. ಆಗ ಬಿಸಿಲು ಒಳಗೆ ಬಿದ್ದಿರುತ್ತದೆ, ಬೀದಿಯಲ್ಲಿ ಗಾಡಿ ಇರುವುದಿಲ್ಲ, ಮಾಲೀಕರು ಊದುಬತ್ತಿ ಹಚ್ಚಿಟ್ಟಿರುತ್ತಾರೆ. ನಮ್ಮವರು ಕರೆಯುವುದು ವಾರದ ದಿನ ಸಂಜೆ ಏಳಕ್ಕೆ, ಸಾಧ್ಯವಾದರೆ ಜೋರು ಮಳೆ ಬಂದ ಮಾರನೇ ದಿನ. “ಎಲ್ರೂ ಆಫೀಸಿಂದ ಬಂದಿರ್ತಾರೆ, ಕಾರು ಎಲ್ಲಿ ನಿಲ್ಲುತ್ತೆ ಅಂತ ಈಗ್ಲೇ ನೋಡ್ಕೊಂಬಿಡಿ” ಎನ್ನುತ್ತಾರೆ. ಗೇಟಿಗೆ ಬಂದವರು ಒಳಗೆ ಕಾಲಿಡುವ ಮುಂಚೆ ಅವರನ್ನು ತಿರುಗಿಸಿ ನಿಲ್ಲಿಸುತ್ತಾರೆ.

“ಮನೆ ಆಮೇಲೆ ನೋಡೋಣ ಸಾರ್, ಮೊದ್ಲು ಎದುರು ಮನೆ ಹೊಸಿಲು ನೋಡಿ.”

ಆರನೇ ಕ್ರಾಸಿನ ತಗ್ಗಿನಲ್ಲಿ ಸಾಲಾಗಿ ಐದಾರು ಮನೆಗಳ ಗೇಟಿನ ಕೆಳಗೆ ಮೊಣಕಾಲೆತ್ತರದ ಸಿಮೆಂಟು ಕಟ್ಟೆ ಇದೆ. ಸ್ಕೂಟರು ಒಳಗೆ ಹೋಗಲು ಅದರ ಮೇಲೊಂದು ಕಬ್ಬಿಣದ ಇಳಿಜಾರು. ಅಷ್ಟು ದುಡ್ಡು ಯಾರೂ ಅಂದಕ್ಕಾಗಿ ಸುರಿಯುವುದಿಲ್ಲ, ಮಳೆನೀರು ಒಮ್ಮೆ ಒಳಗೆ ಬಂದು ಹೋಗಿರಬೇಕು ಅನ್ನುವುದು ಅವರ ತರ್ಕ. ಮಾರಾಟಕ್ಕಿರುವ ಮನೆಗೆ ಮಾತ್ರ ಹೊಸ ಸುಣ್ಣ, ಹೊಸ ಬಣ್ಣ, ಕಟ್ಟೆ ಇಲ್ಲ. ಅವರು ಕಾಂಪೌಂಡಿನ ಬುಡದಲ್ಲಿ ಕೂತು, ಬೀಗದ ಕೈಯಿಂದ ಬಣ್ಣ ಕೆರೆದು, ಕೆಳಗಿನ ಕಂದು ಗೆರೆ ತೋರಿಸುತ್ತಾರೆ. ಆ ಕ್ಷಣದಲ್ಲಿ ಮಾಲೀಕರ ಮುಖವನ್ನು ನೋಡದಿರುವುದೇ ಮರ್ಯಾದೆ.

ಮುಂದಿನ ಸರದಿ ಸಂಪಿನದು. ಕಟ್ಟಿದಾಗ ಮನೆಗೆ ಮೂರು ಮೆಟ್ಟಿಲು ಇದ್ದವಂತೆ, ಈಗ ಕಾಣುವುದು ಒಂದು. ಹಳೇ ಟಾರನ್ನು ಕೆರೆಯದೆ ಅದರ ಮೇಲೇ ಹೊಸದನ್ನು ಹಾಕುತ್ತ ಹೋದರೆ ರಸ್ತೆ ಮೇಲೇರುತ್ತದೆ, ಮನೆ ಇದ್ದಲ್ಲೇ ಇದ್ದು ಹಳ್ಳಕ್ಕೆ ಬೀಳುತ್ತದೆ. ಸಂಪಿನ ಮುಚ್ಚಳ ರಸ್ತೆಗಿಂತ ಕೆಳಗಾದ ದಿನದಿಂದ ಚರಂಡಿ ಉಕ್ಕಿದಾಗಲೆಲ್ಲ ಕಾವೇರಿ ನೀರಿಗೆ ನೆಂಟರು ಬರುತ್ತಾರೆ. “ಮುಚ್ಚಳ ಎತ್ತರಿಸ್ಕೊಂಡ್ರೆ ಸಾಕು, ದೊಡ್ಡ ಖರ್ಚಲ್ಲ. ಆದ್ರೆ ಆ ಖರ್ಚು ಹಿಡ್ಕೊಂಡೇ ರೇಟು ಮಾತಾಡಿ.” ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆಗೆದು ಸರ್ವೆ ನಂಬರನ್ನೂ ಅದರ ಪಕ್ಕ ಹಾದುಹೋಗುವ ಕಾಲುವೆಯ ಗೆರೆಯನ್ನೂ ತೋರಿಸುತ್ತಾರೆ. ನಕ್ಷೆಯಲ್ಲಿ ಕಾಲುವೆ ಕಾಣುತ್ತದೆ, ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವುದು ಇಸ್ತ್ರಿ ಅಂಗಡಿಯವನಿಗೆ ಗೊತ್ತು ಎಂದು ಅವನನ್ನೂ ಕರೆಯುತ್ತಾರೆ. ಇಲ್ಲೂ ಕೆರೆ ಇತ್ತಾ ಎಂದು ಯಾರಾದರೂ ಗಾಬರಿಯಾದರೆ ಸಮಾಧಾನ ಸಿದ್ಧವಿದೆ: “ಮೆಜೆಸ್ಟಿಕ್ಕೇ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ನಮ್ಮ ಆರನೇ ಕ್ರಾಸು ಯಾವ ಲೆಕ್ಕ ಸಾರ್?” ಇದನ್ನು ಸಮಾಧಾನ ಎಂದು ಕರೆಯಬಹುದೋ ಇಲ್ಲವೋ, ನನಗೆ ಅನುಮಾನ.

ನೀರಿನ ಸಮಾಚಾರವನ್ನು ನಾಲ್ಕು ದಿನ ಓಡಾಡಿದರೆ ಯಾರಾದರೂ ತಿಳಿದಾರು. ಮನುಷ್ಯರ ಸಮಾಚಾರದಲ್ಲೇ ಅವರ ನಿಜವಾದ ಆಸ್ತಿ ಇರುವುದು. ನನ್ನ ಭಾವಮೈದ ನಮ್ಮ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟೊಂದನ್ನು ಒಂದೂಕಾಲು ಕೋಟಿಗೆ ಮಾತಾಡಿದ್ದ. ಸೈಟು ಕೊಂಡಿದ್ದ ತಂದೆ ವಿಲ್ ಮಾಡದೆ ತೀರಿಕೊಂಡಿದ್ದರು. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಸಹಿ ಹಾಕಲು ತಯಾರಿದ್ದರು. ಖಾತಾ ಸರಿ ಇತ್ತು, ತೆರಿಗೆ ಕಟ್ಟಿತ್ತು, ಮೂವತ್ತು ವರ್ಷದ ಇ.ಸಿ.ಯಲ್ಲಿ ಸಾಲದ ಸುಳಿವಿರಲಿಲ್ಲ, ವಂಶವೃಕ್ಷ ಲಗತ್ತಾಗಿತ್ತು. ವಕೀಲರು ತಲೆಯಾಡಿಸಿದರು. ಭಾವಮೈದ ಅಡ್ವಾನ್ಸು ಕೊಡಲು ಒಳ್ಳೇ ದಿನ ನೋಡಿಸಿದ.

ಬ್ರೋಕರು ವಂಶವೃಕ್ಷದ ಜೆರಾಕ್ಸನ್ನು ಬೆಳಕಿಗೆ ಹಿಡಿದು, ಟೀ ಲೋಟ ಕೆಳಗಿಟ್ಟು, “ಇದ್ರಲ್ಲಿ ಒಂದು ಕೊಂಬೆ ಕಮ್ಮಿ ಇದೆ” ಎಂದರು.

ಮೂರನೇ ಮಗಳು ಒಬ್ಬಳಿದ್ದಳು. ಮನೆಯವರಿಗೆ ಒಪ್ಪಿಗೆಯಿಲ್ಲದ ಮದುವೆ ಮಾಡಿಕೊಂಡಿದ್ದಕ್ಕೆ ಅವಳ ಹೆಸರೆತ್ತುವುದನ್ನೇ ಅವರು ನಿಲ್ಲಿಸಿದ್ದರು. ಇವರಿಗೆ ಹೇಗೆ ಗೊತ್ತು? ರಿಜಿಸ್ಟರ್ ಮದುವೆಯಾದ ವಾರವೇ ಆ ಗಂಡಹೆಂಡಿರಿಗೆ ಬಾಡಿಗೆ ಮನೆ ಹುಡುಕಿಕೊಟ್ಟವರೇ ಇವರು. ಹನ್ನೊಂದು ತಿಂಗಳ ಕರಾರಿನಲ್ಲಿ ಹುಡುಗಿಯ ತಂದೆಯ ಹೆಸರು ಬರೆಸಿದ್ದು ನೆನಪಿತ್ತು. ಕರಾರಿನ ಪ್ರತಿಯೂ ರೆಕ್ಸಿನ್ ಬ್ಯಾಗಿನ ಅಣ್ಣತಮ್ಮಂದಿರಲ್ಲಿ ಯಾವುದೋ ಒಂದರಲ್ಲಿ ಇತ್ತು.

ಇ.ಸಿ.ಯನ್ನು ದೂರಿ ಪ್ರಯೋಜನವಿಲ್ಲ. ಕೇಳಿದ ಅವಧಿಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರವನ್ನಷ್ಟೇ ಅದು ಹೇಳುತ್ತದೆ. ಮಗಳು ಹುಟ್ಟಿದ್ದು, ಮುನಿಸಿಕೊಂಡು ಹೋದದ್ದು ಅಲ್ಲಿ ನೋಂದಣಿಯಾಗುವುದಿಲ್ಲ. ವಂಶವೃಕ್ಷಕ್ಕೂ ಮನೆಯವರ ಅಫಿಡವಿಟ್ಟೇ ಬೇರು. ಅಪ್ಪ ಸ್ವಂತ ದುಡ್ಡಲ್ಲಿ ಕೊಂಡ ಸೈಟು, ವಿಲ್ ಇಲ್ಲ ಅಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಗೂ ಐದೂ ಮಕ್ಕಳಿಗೂ ಸಮಪಾಲು. 1,200 ಚದರಡಿಯಲ್ಲಿ ಆರನೇ ಒಂದು, ಅಂದರೆ 200 ಚದರಡಿ, ಆ ಹುಡುಗಿಯದು. ಇದನ್ನು ಅವರು ಬೇಕರಿಯ ಬಿಲ್ಲಿನ ಹಿಂದೆ ಗೆರೆ ಎಳೆದು ತೋರಿಸಿದರು. “ನೀವು ಮನೆ ಕಟ್ಟಿ ಗೃಹಪ್ರವೇಶ ಮಾಡಿದ ಮೇಲೆ ಆಯಮ್ಮ ಕೋರ್ಟಿಗೆ ಹೋದ್ರೆ? ಅಡುಗೆಮನೆ ಅವ್ರದ್ದಾಗುತ್ತೋ ಪೂಜೆ ಕೋಣೆ ಅವ್ರದ್ದಾಗುತ್ತೋ, ನಂಗಂತೂ ಗೊತ್ತಿಲ್ಲ.”

ಶೇಕಡಾ ಎರಡರ ಲೆಕ್ಕದಲ್ಲಿ ಆ ಸಂಜೆ ಅವರ ಬಾಯಿಂದ ಜಾರಿದ್ದು ಎರಡೂವರೆ ಲಕ್ಷ. ಮಾರುವವರು ಸಿಟ್ಟಾದರು, ಭಾವಮೈದ ಒಳ್ಳೇ ದಿನ ತಪ್ಪಿತೆಂದು ಇನ್ನೂ ಸಿಟ್ಟಾದ. ಇವರು ಮಾತ್ರ ಮಗಳ ಮನೆಗೆ ಹೋಗಿ, ತಾಯಿಯ ಕೈಯಲ್ಲಿ ಫೋನು ಮಾಡಿಸಿ, ತಿಂಗಳುಗಟ್ಟಲೆ ಓಡಾಡಿದರು. ಕೊನೆಗೆ ಆಕೆ ತನ್ನ ಪಾಲಿನ ಹಣ ಚೆಕ್ಕಿನಲ್ಲೇ ಬೇಕೆಂದು ಹಟ ಹಿಡಿದು, ಪಡೆದು, ಉಳಿದ ಐವರ ಜೊತೆ ಕೂತು ಕ್ರಯಪತ್ರಕ್ಕೆ ಸಹಿ ಹಾಕಿದಳು. ಅಕ್ಕತಂಗಿಯರು ಅಂದು ಮಾತಾಡಿದರೆಂದು ಕೆಲವರು ಹೇಳುತ್ತಾರೆ. ನಾನು ಕಂಡಂತೆ ಒಬ್ಬರಿಗೊಬ್ಬರು ಪೆನ್ನು ಕೊಟ್ಟರು, ಅಷ್ಟೇ.

ಈ ಮಹಾನುಭಾವರನ್ನು ಸತ್ಯಹರಿಶ್ಚಂದ್ರ ಎಂದುಕೊಳ್ಳಬೇಡಿ. ಕಾರಣ ಬಹಳ ಸರಳ: ಹಾಲಿನ ಬೂತು, ರೇಷನ್ ಅಂಗಡಿ, ಗಣಪತಿ ಪೆಂಡಾಲು ಎಲ್ಲೆಡೆ ಅದೇ ಜನ ಅವರಿಗೆ ಎದುರಾಗುತ್ತಾರೆ. ಸುಳ್ಳು ಹೇಳಿ ಮಾರಿದ ಮನೆಯ ಮುಂದೆ ದಿನಕ್ಕೆರಡು ಸಲ ಹಾದುಹೋಗುವ ಧೈರ್ಯ ಅವರಿಗಿಲ್ಲ. ದೇವನಹಳ್ಳಿ ಕಡೆ ಲೇಔಟಿನ ಸೈಟು ಮಾರಿಕೊಡಿ, ಕಮಿಷನ್ ಜಾಸ್ತಿ ಎಂದು ಯಾರೋ ಕಾರಿನಲ್ಲಿ ಬಂದಿದ್ದರು. ಬಣ್ಣದ ಪುಸ್ತಕದಲ್ಲಿ ಈಜುಕೊಳ, ಏರ್‌ಪೋರ್ಟಿಗೆ ಹತ್ತು ನಿಮಿಷ. “ಅಲ್ಲಿ ಮಳೆನೀರು ಯಾವ ಕಡೆ ಹರಿಯುತ್ತೆ ಅಂತ ನಂಗೊತ್ತಿಲ್ಲ ಸಾರ್, ಯಾರ ಮಗಳು ಯಾರ ಜೊತೆ ಹೋದ್ಲು ಅಂತಾನೂ ಗೊತ್ತಿಲ್ಲ” ಎಂದು ಪುಸ್ತಕ ವಾಪಸು ಕೊಟ್ಟರು. ನಾಲ್ಕು ಕ್ರಾಸಿನ ಆಚೆ ಅವರು ನಮ್ಮನಿಮ್ಮಷ್ಟೇ ದಡ್ಡರು, ಅದು ಅವರಿಗೂ ಗೊತ್ತು. ಕಾಗದ ಪತ್ರ ತಮಗೆ ಓದಲು ಬರುವುದಿಲ್ಲವೆಂದು ವಕೀಲರ ಹತ್ತಿರ ಕಳಿಸುತ್ತಾರೆ, ವಕೀಲರು ಓದಿದ ಮೇಲೆ ತಾವೂ ಒಮ್ಮೆ ಕಣ್ಣಾಡಿಸುತ್ತಾರೆ.

ಹೋದ ತಿಂಗಳು ನಮ್ಮ ಮಹಡಿ ಮನೆ ಖಾಲಿಯಾಯಿತು. ಬೇರೆ ದಾರಿಯಿಲ್ಲದೆ ಬೀಗದ ಕೈ ಅವರಿಗೇ ಕೊಟ್ಟೆ. ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಕರೆತಂದರು. ಗಾಳಿ ಬೆಳಕು ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ ಎಂದು ಶುರುಮಾಡಿದಾಗ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಬಚ್ಚಲುಮನೆ ಗೋಡೆಗೆ ಅಂಗೈ ಒತ್ತಿ, “ಇಲ್ಲಿ ತೇವ ಇದೆ, ಎರಡು ವರ್ಷದಿಂದ ರಿಪೇರಿ ಮಾಡಿಸ್ತೀನಿ ಅಂತಾನೇ ಇದ್ದಾರೆ” ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಹುಡುಗಿ ಮೆಲ್ಲಗೆ, “ಓನರ್ ಹೇಗೆ ಅಂಕಲ್?” ಎಂದು ಕೇಳಿದಳು.

ಅವರು ನನ್ನ ಕಡೆ ಒಮ್ಮೆ ನೋಡಿ, “ಅದನ್ನ ಕೆಳಗೆ ಹೋಗಿ ಟೀ ಕುಡೀತಾ ಹೇಳ್ತೀನಿ ಬಾಮ್ಮ” ಎಂದರು.