ಅಗೆದು, ಮುಚ್ಚದೆ, ಬಿದ್ದು, ಕೋರಿದ್ದಾರೆ

ವಾಕ್ಯ ಮುಗಿಸುವುದು ಕಡ್ಡಾಯವಲ್ಲ ಎಂಬ ಸುತ್ತೋಲೆ ನಮ್ಮ ಕಚೇರಿಗಳಿಗೆ ಯಾವಾಗ ಬಂತೋ ತಿಳಿಯದು, ಪಾಲನೆಯಂತೂ ಚಾಚೂ ತಪ್ಪದೆ ನಡೆದಿದೆ. ಕ್ರಿಯಾಪದದ ಬಾಲಕ್ಕೆ ಒಂದು 'ಇ' ಅಥವಾ 'ದು' ಹಚ್ಚಿ, ಅಲ್ಪವಿರಾಮ ಇಟ್ಟು, ಮುಂದಕ್ಕೆ ಹೋಗುತ್ತಲೇ ಇರಬಹುದು. ಅರ್ಧಕ್ಕೆ ನಿಲ್ಲದೆ ಸಾಗುವ ಸರ್ಕಾರಿ ಕಾಮಗಾರಿ ಇದೊಂದೇ.

ಸಂಜೆ ಹೊತ್ತಿಗೆ ಪತ್ರಿಕೆಯ ಡೆಸ್ಕಿಗೆ ಬಂದು ಬೀಳುವ ಪ್ರಕಟಣೆಗಳನ್ನು ತಿದ್ದಿದವರಿಗೆ ಇದರ ರುಚಿ ಗೊತ್ತು. ಮಾದರಿಗೆಂದು ಒಂದನ್ನು ನಾನೇ ಹೆಣೆದಿದ್ದೇನೆ. ಓದಿದಾಗ ನಿಮ್ಮೂರಿನದೇ ಎನಿಸಿದರೆ ಅದು ನಿಮ್ಮೂರಿನ ಸಾಧನೆ, ನನ್ನದಲ್ಲ.

"ನಗರದ 14ನೇ ವಾರ್ಡಿನ ಮುಖ್ಯರಸ್ತೆಯಲ್ಲಿ ಕುಡಿಯುವ ನೀರಿನ ಪೈಪ್ ಅಳವಡಿಸುವ ಸಲುವಾಗಿ ಅಗೆದು, ಕಾಮಗಾರಿ ಮುಗಿದ ನಂತರವೂ ಮುಚ್ಚದೆ ಬಿಟ್ಟಿದ್ದ ಗುಂಡಿಯಲ್ಲಿ ಮಳೆ ಬಂದು ನೀರು ನಿಂತು, ಭಾನುವಾರ ರಾತ್ರಿ ಬೀದಿದೀಪ ಕೆಟ್ಟು, ಬೈಕ್ ಸವಾರರೊಬ್ಬರು ಬಿದ್ದು ಕಾಲು ಮುರಿದು ಆಸ್ಪತ್ರೆಗೆ ದಾಖಲಾಗಿದ್ದು, ಸಾರ್ವಜನಿಕರು ಪ್ರತಿಭಟಿಸಿ, ಸ್ಥಳಕ್ಕೆ ಭೇಟಿ ನೀಡಿ, ಮನವಿ ಸ್ವೀಕರಿಸಿ, ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ಭರವಸೆ ನೀಡಿದ ಪೌರಾಯುಕ್ತರು, ಈಗಾಗಲೇ ನೋಟಿಸ್ ನೀಡಲಾಗಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಕೋರಿದ್ದಾರೆ."

ಉಸಿರು ತೆಗೆದುಕೊಳ್ಳಿ. ಈಗ ಹೇಳಿ, ಸುದ್ದಿ ಏನು? ಕನ್ನಡ ವಾಕ್ಯದಲ್ಲಿ ಯಜಮಾನಿಕೆ ಕೊನೆಯ ಕ್ರಿಯಾಪದದ್ದು, ಉಳಿದವೆಲ್ಲ ಅದರ ಕೈಕೆಳಗಿನವು. ಇಲ್ಲಿ ಆ ಕುರ್ಚಿಯಲ್ಲಿ ಕೂತಿರುವುದು 'ಕೋರಿದ್ದಾರೆ'. ವ್ಯಾಕರಣವನ್ನು ನಂಬುವುದಾದರೆ, ಅಂದು ಆ ಊರಿನಲ್ಲಿ ನಡೆದ ಘಟನೆ ಪೌರಾಯುಕ್ತರು ಸಹಕಾರ ಕೋರಿದ್ದು. ಒಬ್ಬರ ಕಾಲು ಮುರಿದದ್ದು ಅದಕ್ಕೆ ಪೂರ್ವಸಿದ್ಧತೆ.

ಇನ್ನು ಯಾರು ಏನು ಮಾಡಿದರು ಎಂಬ ವಿಚಾರ. 'ಹೋಗಿ', 'ನೋಡಿ', 'ಬಂದು' ಮೊದಲಾದ ಕೃದಂತಾವ್ಯಯಗಳನ್ನು ನಾವು ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಇವುಗಳಿಗೆ ಸ್ವಂತ ಕರ್ತೃ ಇರುವುದಿಲ್ಲ, ಮುಂದಿನ ಕ್ರಿಯಾಪದದ ಕರ್ತೃವೇ ಇವಕ್ಕೂ ದಿಕ್ಕು. 'ಅಂಗಡಿಗೆ ಹೋಗಿ ಸಕ್ಕರೆ ತಂದಳು' ಎಂದರೆ ಹೋದವಳೂ ತಂದವಳೂ ಒಬ್ಬಳೇ. ಆದರೆ 'ಮಳೆ ಬಂದು ಕೆರೆ ತುಂಬಿತು' ಎಂದೂ ಅನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ, ಆದರೂ ಕಿವಿಗೆ ಎಡವಟ್ಟಾಗುವುದಿಲ್ಲ. ಯಾರೂ ಬೇಕೆಂದು ಮಾಡದ ಒಂದು ಸಂಗತಿ ಇನ್ನೊಂದಕ್ಕೆ ಕಾರಣವಾದಾಗ ಭಾಷೆ ಈ ರಿಯಾಯಿತಿ ಕೊಡುತ್ತದೆ. ಮಳೆಗೆ, ಗಾಳಿಗೆ, ಸಿಡಿಲಿಗೆ ಸಲ್ಲುವ ಈ ರಿಯಾಯಿತಿಯ ಪಟ್ಟಿಗೆ ನಗರಸಭೆ ತನ್ನ ಹೆಸರನ್ನೂ ಸದ್ದಿಲ್ಲದೆ ಸೇರಿಸಿಕೊಂಡಿದೆ. ಹಾಗಾಗಿ ಮಳೆ ಬಂದಂತೆ ರಸ್ತೆಯೂ ತಾನಾಗಿ ಅಗೆದುಕೊಳ್ಳುತ್ತದೆ.

ಶಾಲೆಯ ನಿಯಮವನ್ನೇ ಹಿಡಿದು ಮತ್ತೊಮ್ಮೆ ಓದಿ ನೋಡಿ. ಪ್ರತಿಭಟಿಸಿದವರು ಸಾರ್ವಜನಿಕರು. ಆಮೇಲೆ ಹೊಸ ಕರ್ತೃ ಕಾಣುವುದಿಲ್ಲವಾದ್ದರಿಂದ ಸ್ಥಳಕ್ಕೆ ಭೇಟಿ ನೀಡಿದವರೂ ಅವರೇ, ತಮ್ಮ ಮನವಿಯನ್ನು ತಾವೇ ಸ್ವೀಕರಿಸಿದವರೂ ಅವರೇ. ಸ್ವಸಹಾಯ ಗುಂಪು ಎಂದರೆ ಹೀಗಿರಬೇಕು.

ಇಂಥದ್ದನ್ನು ಬಿಡಿಸಲು ಕೂತ ಉಪಸಂಪಾದಕ ಮೊದಲು ಕತ್ತರಿ ಹುಡುಕಬಾರದು, ಸುದ್ದಿ ಹುಡುಕಬೇಕು. ಅದು ನಡುವೆ ಎಲ್ಲೋ 'ಬಿದ್ದು ಕಾಲು ಮುರಿದು' ಎಂಬಲ್ಲಿ ಬಿದ್ದಿದೆ. ಅದನ್ನೆತ್ತಿ ಮೊದಲ ವಾಕ್ಯ ಮಾಡಬೇಕು. ಬಳಿಕ ಕರ್ತೃ ಬದಲಾದ ಕಡೆಯಲ್ಲೆಲ್ಲ ಪೂರ್ಣವಿರಾಮ. ನಾಮಪದದ ತಲೆಯ ಮೇಲೆ ಹೇರಿದ 'ಮುಚ್ಚದೆ ಬಿಟ್ಟಿದ್ದ', 'ಭರವಸೆ ನೀಡಿದ' ಎಂಬ ವಿಶೇಷಣಗಳನ್ನು ಕೆಳಗಿಳಿಸಿ, ಬೇರೆ ವಾಕ್ಯದ ಕ್ರಿಯಾಪದ ಮಾಡಬೇಕು. 'ದಾಖಲಾಗಿದ್ದು', 'ನೀಡಲಾಗಿದ್ದು' ಎಂಬ 'ದ್ದು'ಗಳಿಗೆ ಅಲ್ಲಲ್ಲೇ ನಿವೃತ್ತಿ. ನಡುವೆ ಇದ್ದ ಸುದ್ದಿ ಮೊದಲಿಗೆ ಬಂದರೆ, ಅದಕ್ಕೂ ಹಿಂದೆ ನಡೆದದ್ದನ್ನು 'ಅಗೆದಿದ್ದರು', 'ಮುಚ್ಚಿರಲಿಲ್ಲ' ಎಂದು ಹೇಳಬೇಕಾಗುತ್ತದೆ. ಆಗ ಕಾಪಿ ಹೀಗಾಗುತ್ತದೆ:

"14ನೇ ವಾರ್ಡಿನ ಮುಖ್ಯರಸ್ತೆಯ ಗುಂಡಿಗೆ ಭಾನುವಾರ ರಾತ್ರಿ ಬೈಕ್ ಸವಾರರೊಬ್ಬರು ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಅವರು ಆಸ್ಪತ್ರೆಯಲ್ಲಿದ್ದಾರೆ. ನೀರಿನ ಪೈಪ್ ಹಾಕಲು ___ ಈ ಗುಂಡಿ ಅಗೆದಿದ್ದರು. ಕೆಲಸ ಮುಗಿದರೂ ಮುಚ್ಚಿರಲಿಲ್ಲ. ಗುಂಡಿಯಲ್ಲಿ ಮಳೆನೀರು ನಿಂತಿತ್ತು, ಬೀದಿದೀಪ ಕೆಟ್ಟಿತ್ತು. ಸ್ಥಳೀಯರು ಪ್ರತಿಭಟಿಸಿದ ಬಳಿಕ ಪೌರಾಯುಕ್ತರು ಸ್ಥಳಕ್ಕೆ ಬಂದು ಮನವಿ ಪಡೆದರು. ಸೂಕ್ತ ಕ್ರಮದ ಭರವಸೆ ನೀಡಿದರು. ___ಗೆ ನೋಟಿಸ್ ನೀಡಿರುವುದಾಗಿ ತಿಳಿಸಿದರು."

ಖಾಲಿ ಬಿಟ್ಟ ಜಾಗಗಳು ಅಚ್ಚಿನ ದೋಷವಲ್ಲ. ಉದ್ದ ವಾಕ್ಯದಲ್ಲಿ ಅಲ್ಲಿ ಯಾರೂ ಇರಲಿಲ್ಲ, ಇಲ್ಲ ಎಂಬುದು ನಮಗೆ ಗೊತ್ತೂ ಆಗಿರಲಿಲ್ಲ. ತುಂಡು ಮಾಡಿದ ಕೂಡಲೇ ವಾಕ್ಯ 'ಯಾರು?' ಎಂದು ಕೇಳುತ್ತದೆ, ಡೆಸ್ಕಿನವರು ವರದಿಗಾರರಿಗೆ, ವರದಿಗಾರರು ನಗರಸಭೆಗೆ ಫೋನ್ ಮಾಡಬೇಕಾಗುತ್ತದೆ. ಅಲ್ಲಿ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಪ್ರಕಟಣೆಯನ್ನು ಹಾಗೇ ಹಾಕಿ ಮನೆಗೆ ಹೋಗುವುದು ಎಲ್ಲರಿಗೂ ಕ್ಷೇಮ ಎನಿಸುವುದು ಆಗಲೇ. ದೀಪ ಕೆಟ್ಟದ್ದರಿಂದಲೇ ಸವಾರರು ಬಿದ್ದರೇ ಎಂಬುದನ್ನೂ ವಿಚಾರಿಸಬೇಕು. 'ಕೆಟ್ಟು, ಬಿದ್ದು' ಎಂಬುದು ಬರೀ ಅನುಕ್ರಮವೂ ಆಗಬಹುದು, ಕಾರಣವೂ ಆಗಬಹುದು. ಖಾತ್ರಿಯಾಗುವವರೆಗೆ 'ದೀಪ ಕೆಟ್ಟಿತ್ತು' ಎಂದಷ್ಟೇ ಬರೆದು ಸುಮ್ಮನಿರುವುದು ಲೇಸು.

ಹಾಗೆಂದು ಕತ್ತರಿ ಸಿಕ್ಕ ಉತ್ಸಾಹದಲ್ಲಿ ಕಂಡದ್ದನ್ನೆಲ್ಲ ಕತ್ತರಿಸುವ ಹೊಸಬರೂ ಇದ್ದಾರೆ. 'ಸವಾರ ಬಿದ್ದ. ಕಾಲು ಮುರಿಯಿತು. ಜನ ಬಂದರು. ಎತ್ತಿದರು.' ಇದು ಸುದ್ದಿಯಲ್ಲ, ತಂತಿ. ಕರ್ತೃ ಒಬ್ಬರೇ ಆಗಿ, ಎರಡು ಮೂರು ಕೆಲಸಗಳು ಒಂದರ ಹಿಂದೊಂದು ನಡೆದಿದ್ದರೆ 'ಸ್ಥಳಕ್ಕೆ ಬಂದು ಮನವಿ ಪಡೆದರು' ಎಂಬ ಜೋಡಣೆ ಕನ್ನಡದ ಸಹಜ ನಡಿಗೆ. ಅದನ್ನು ಮುರಿದರೆ ಪ್ರತಿ ವಾಕ್ಯಕ್ಕೂ ಒಂದು 'ಅವರು' ಬೇಕಾಗುತ್ತದೆ. ಕಾಪಿಯಲ್ಲಿ 'ಅವರು' ಸಾಲುಗಟ್ಟಿ ನಿಂತರೆ ಕತ್ತರಿ ಹೆಚ್ಚಾಯಿತು ಎಂದೇ ಅರ್ಥ.

ನಿಜವಾದ ಅಪಾಯ ಇರುವುದು 'ಎಂದು' ಎಂಬ ಪುಟ್ಟ ಪದದಲ್ಲಿ. "ಕಳಪೆ ಪೈಪ್ ಹಾಕಿ, ಸುಳ್ಳು ಬಿಲ್ ಮಾಡಿ, ಗುತ್ತಿಗೆದಾರರು ಹಣ ಲೂಟಿ ಮಾಡಿದ್ದಾರೆ ಎಂದು ಸದಸ್ಯರೊಬ್ಬರು ಆರೋಪಿಸಿದರು" ಎಂಬ ವಾಕ್ಯವನ್ನು ನಮ್ಮ ಉತ್ಸಾಹಿ ಮೂರು ತುಂಡು ಮಾಡುತ್ತಾನೆ: "ಗುತ್ತಿಗೆದಾರರು ಕಳಪೆ ಪೈಪ್ ಹಾಕಿದ್ದಾರೆ. ಸುಳ್ಳು ಬಿಲ್ ಮಾಡಿದ್ದಾರೆ. ಹಣ ಲೂಟಿ ಮಾಡಿದ್ದಾರೆ ಎಂದು ಸದಸ್ಯರೊಬ್ಬರು ಆರೋಪಿಸಿದರು." ಓದಲು ಬಹಳ ಸಲೀಸು. ಆದರೆ ನಮ್ಮ 'ಎಂದು' ಕೊನೆಯಲ್ಲಿ ಕೂತು ತನ್ನ ವಾಕ್ಯವನ್ನಷ್ಟೇ ಕಾಯುತ್ತದೆ. ಮೊದಲೆರಡು ವಾಕ್ಯಗಳು ಈಗ ಸದಸ್ಯರ ಆರೋಪವಲ್ಲ, ಪತ್ರಿಕೆಯ ತೀರ್ಪು. ಇದನ್ನು ಸಂಪಾದಕರಿಗಿಂತ ಮೊದಲು ಗಮನಿಸುವವರು ಗುತ್ತಿಗೆದಾರರ ವಕೀಲರು. ಅವರು ಕಳಿಸುವ ನೋಟಿಸಿನ ವಾಕ್ಯವೂ ಒಂದೂವರೆ ಪುಟ ಇರುತ್ತದೆ, ಅದು ಬೇರೆ ಮಾತು. ಪರಿಹಾರ ಸರಳ. ಹೇಳಿದವರನ್ನು ಮೊದಲೇ ತಂದು ನಿಲ್ಲಿಸಿ: "ಗುತ್ತಿಗೆದಾರರ ವಿರುದ್ಧ ಸದಸ್ಯರೊಬ್ಬರು ಮೂರು ಆರೋಪ ಮಾಡಿದರು. ಪೈಪ್ ಕಳಪೆ ಎಂಬುದು ಮೊದಲನೆಯದು." ಮುಂದಿನ ವಾಕ್ಯಗಳಲ್ಲೂ 'ಎಂಬುದು', 'ಅವರ ಪ್ರಕಾರ' ಕಾವಲಿರಲಿ.

ಪ್ರಕಟಣೆ ಬರೆಯುವ ಮಹನೀಯರಲ್ಲಿ ಒಂದೇ ಬಿನ್ನಹ. ವಾಕ್ಯ ನಿಮಗೆ ಎಷ್ಟು ಉದ್ದ ಬೇಕೋ ಅಷ್ಟು ಉದ್ದ ಬರೆಯಿರಿ, ಕತ್ತರಿಸುವ ಸಂಬಳ ನಮಗಿದೆ. ಗುಂಡಿ ಅಗೆದವರ ಹೆಸರೊಂದನ್ನು ಅದರೊಳಗೆ ಎಲ್ಲಾದರೂ ಹಾಕಿ ಕಳಿಸಿ. ಪೂರ್ಣವಿರಾಮ ನಾವೇ ಇಟ್ಟುಕೊಳ್ಳುತ್ತೇವೆ.