ಫೈಲು ಫಳಫಳ, ಗ್ರೈಂಡರು ಹುಳಿಹುಳಿ

ದೋಸೆ ಹಿಟ್ಟು ರುಬ್ಬಿ, ಪ್ಯಾಕೆಟ್ ಮಾಡಿ, ಸುತ್ತಲಿನ ಅಂಗಡಿಗಳಿಗೆ ಹಾಕುವ ಸಣ್ಣ ಘಟಕವೊಂದರ ಸ್ವಚ್ಛತಾ ಎಸ್‌ಒಪಿಯನ್ನು ಓದುವ ಭಾಗ್ಯ ನನ್ನದಾಯಿತು. ಸ್ಪೈರಲ್ ಬೈಂಡಿಂಗ್, ಮೇಲೆ ಪ್ಲಾಸ್ಟಿಕ್ ಹೊದಿಕೆ, ಪ್ರತಿ ಪುಟದಲ್ಲೂ ಕಂಪನಿಯ ಮುದ್ರೆ. ಯಂತ್ರಗಳನ್ನು ತೊಳೆಯುವ ವಿಧಾನ ಅದರಲ್ಲಿ ಹೀಗಿತ್ತು: ಟ್ಯಾಂಕು ಮತ್ತು ಪೈಪುಗಳೊಳಗೆ 75 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ದ್ರಾವಣವನ್ನು ಪಂಪ್ ಮೂಲಕ ಹರಿಸತಕ್ಕದ್ದು, ಆಮೇಲೆ ನೈಟ್ರಿಕ್ ಆಸಿಡ್ ಹರಿಸತಕ್ಕದ್ದು. ಆ ಘಟಕದಲ್ಲಿ ಪೈಪು ಅಂತ ಇದ್ದದ್ದು ಒಂದೇ, ನಲ್ಲಿಗೆ ಸಿಕ್ಕಿಸಿದ ಹಸಿರು ಗಾರ್ಡನ್ ಪೈಪು.

ಮುಂದಿನ ಪುಟದಲ್ಲಿ ಗುಟ್ಟು ರಟ್ಟಾಯಿತು. ‘ಹಿಟ್ಟನ್ನು ತಂಪಾಗಿಸಿ ಕೆನೆ ಬೇರ್ಪಡಿಸಿದ ಬಳಿಕ’ ಎಂದಿತ್ತು. ಯಾವುದೋ ಡೈರಿಯ ಎಸ್‌ಒಪಿಯಲ್ಲಿ ಹಾಲು ಇದ್ದ ಕಡೆಯೆಲ್ಲ ಹಿಟ್ಟು ಅಂತ ಬದಲಾಯಿಸಿ, ಕನ್ಸಲ್ಟೆಂಟ್ ಮಹಾಶಯರು ಫೀಸು ತಗೊಂಡು ಹೋಗಿದ್ದರು. ಉದ್ದಿನ ಹಿಟ್ಟಿನಿಂದ ಕೆನೆ ತೆಗೆಯುವ ವಿದ್ಯೆ ನಮ್ಮ ಅಜ್ಜಿಯರಿಗೂ ಗೊತ್ತಿರಲಿಲ್ಲ.

ಆಹಾರ ಸುರಕ್ಷತಾ ಕಾಯ್ದೆಯಡಿಯ 2011ರ ಲೈಸೆನ್ಸ್ ನಿಯಮಾವಳಿಯಲ್ಲಿ ಶೆಡ್ಯೂಲ್ 4 ಅಂತ ಒಂದು ಭಾಗವಿದೆ. ಅದು ಕೇಳುವುದು ಬಹಳ ಸಾದಾ ಸಂಗತಿ: ಯಾವ ಜಾಗ ತೊಳೆಯುತ್ತೀರಿ, ಎಷ್ಟು ಸಲ, ಹೇಗೆ, ಯಾವುದರಿಂದ. ಜೊತೆಗೆ ಅದರ ದಾಖಲೆ. ಮನೆಗೆಲಸಕ್ಕೆ ಹೊಸಬರು ಬಂದ ದಿನ ಯಾವ ಗೃಹಿಣಿಯಾದರೂ ಇಷ್ಟನ್ನು ಐದು ನಿಮಿಷದಲ್ಲಿ ಹೇಳಿಬಿಡುತ್ತಾಳೆ. ನಮ್ಮ ಫೈಲಿನಲ್ಲಿ ಉದ್ದೇಶ, ವ್ಯಾಪ್ತಿ, ವ್ಯಾಖ್ಯಾನ, ಅನುಬಂಧ ಎಲ್ಲವೂ ಇದ್ದವು. ಗ್ರೈಂಡರ್ ಎಂಬ ಶಬ್ದ ಮಾತ್ರ ಒಮ್ಮೆಯೂ ಬರಲಿಲ್ಲ.

ಈ ಘಟಕಕ್ಕೆ ಒಂದು ಕಾಯಿಲೆಯೂ ಇತ್ತು. ಸೋಮವಾರದ ಮೊದಲ ಬ್ಯಾಚಿನ ಪ್ಯಾಕೆಟ್‌ಗಳು ಅಂಗಡಿಯ ಫ್ರಿಜ್ಜಿನಲ್ಲೇ ಉಬ್ಬಿ ವಾಪಸು ಬರುತ್ತಿದ್ದವು. ಅದೇ ಅಕ್ಕಿ, ಅದೇ ಉದ್ದು, ಅದೇ ದಿನ ರುಬ್ಬಿದ ಮೂರನೇ ಬ್ಯಾಚು ತೆಪ್ಪಗಿರುತ್ತಿತ್ತು. ಮಾಲೀಕರು ಮೊದಲು ಸೆಖೆಯನ್ನು ಬೈದರು, ಆಮೇಲೆ ಉದ್ದಿನ ವ್ಯಾಪಾರಿಯನ್ನು, ಕೊನೆಗೆ ಅಂಗಡಿಯವರ ಫ್ರಿಜ್ಜನ್ನು. ಅಂಗಡಿಯ ಫ್ರಿಜ್ಜು ವಾರ ನೋಡಿಕೊಂಡು ಕೆಡುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಭಾನುವಾರ ಘಟಕಕ್ಕೆ ರಜೆ. ಶನಿವಾರ ರಾತ್ರಿ ಗ್ರೈಂಡರಿನ ಸಂದಿಯಲ್ಲಿ ಉಳಿದ ಹಿಟ್ಟು ಮೂವತ್ತು ಗಂಟೆಗೂ ಮೇಲೆ ಹುಳಿ ಬಂದು, ಸೋಮವಾರದ ಮೊದಲ ಬ್ಯಾಚಿಗೆ ಹೆಪ್ಪು ಹಾಕಿದಂತೆ ಸೇರುತ್ತಿತ್ತು. ಉಬ್ಬರಕ್ಕೆ ಕಾರಣ ಅದು ಬಿಡುವ ಗ್ಯಾಸು.

ಇದು ಗೊತ್ತಿದ್ದದ್ದು ಒಬ್ಬರಿಗೆ, ರಾತ್ರಿ ತೊಳೆಯುವ ಹೆಂಗಸಿಗೆ. ಅವರನ್ನು ಕೇಳುವುದು ಎಸ್‌ಒಪಿಯ ವ್ಯಾಪ್ತಿಯಲ್ಲಿ ಇರಲಿಲ್ಲ.

“ಗುಂಡುಕಲ್ಲು ಬಿಚ್ಚಿ ತೊಳೀತೀರೇನಕ್ಕಾ?” ಅಂದೆ.

“ಹೆಂಗ್ ಬಿಚ್ಲಿ ಸಾರ್? ಆ ನಟ್ಟಿನ ಸ್ಪ್ಯಾನರ್ರು ಮೆಕ್ಯಾನಿಕ್ಕು ತಗಂಡೋದ. ದೀಪಾವಳಿಗ್ ಮುಂಚೆ.”

ಫೈಲಿನಲ್ಲಿ ‘ಬಿಚ್ಚಬಹುದಾದ ಎಲ್ಲ ಭಾಗಗಳನ್ನು ಬಿಚ್ಚಿ’ ಎಂಬ ವಾಕ್ಯ ದಪ್ಪಕ್ಷರದಲ್ಲಿತ್ತು. ಬೇರೆ ಕಡೆಯಿಂದ ಸ್ಪ್ಯಾನರ್ ತರಿಸಿ ಬಿಚ್ಚಿದೆವು. ಕಲ್ಲಿನ ನಡುವೆ ಶಾಫ್ಟು ಕೂರುವ ಬುಷ್ಷಿನ ಸುತ್ತ ಬೂದುಬಣ್ಣದ ಪೇಸ್ಟು, ಸ್ಕ್ರೇಪರ್ ಪಟ್ಟಿಯ ಹಿಂದೆ ಒಣಗಿದ ಹಕ್ಕಳೆ. ಮೂಗು ಹತ್ತಿರ ಒಯ್ದರೆ ಸಾಕಿತ್ತು, ಲ್ಯಾಬ್ ರಿಪೋರ್ಟು ಬೇಕಿರಲಿಲ್ಲ.

ಬಿಚ್ಚಿದ ಮೇಲಾದರೂ ಫೈಲಿನಂತೆ ನಡೆಯೋಣವೆಂದರೆ ಅದು ಮೊದಲೇ ಬಿಸಿನೀರು ಹೊಯ್ಯಿರಿ ಅನ್ನುತ್ತದೆ. ಹಾಲಿನ ಜಿಡ್ಡಿಗೆ ಬಿಸಿ ಬೇಕಿರಬಹುದು. ಅಕ್ಕಿಯ ಪಿಷ್ಟ 70 ಡಿಗ್ರಿ ಆಸುಪಾಸಿನಲ್ಲಿ ಬೆಂದು ಅಂಟಾಗುತ್ತದೆ. ಕುದಿಯುವ ನೀರು ಹೊಯ್ದವರು ಪೋಸ್ಟರ್ ಹಚ್ಚುವ ಗೋಂದನ್ನು ಗ್ರೈಂಡರಿನಲ್ಲೇ ಕಾಸಿದಂತಾಯಿತು. ಹಿಟ್ಟಿನ ಪಾತ್ರೆಗೆ ಮೊದಲು ಕೆರೆಯುವುದು, ಆಮೇಲೆ ತಣ್ಣೀರು. ಆಮೇಲೆ ಸೋಪಿನ ನೀರು ಮತ್ತು ನೈಲಾನ್ ಬ್ರಷ್ಷು. ಸ್ಟೀಲ್ ನಾರು ಬೇಡ, ಅದರ ಎಳೆ ಮುರಿದು ಗಿರಾಕಿಯ ದೋಸೆಯಲ್ಲಿ ಸಿಗುತ್ತದೆ. ಸೋಪೆಲ್ಲ ಹೋಗುವಂತೆ ತೊಳೆದ ಮೇಲೆಯೇ ಕ್ಲೋರಿನ್. ಇಷ್ಟಕ್ಕೂ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಕೈ ಹಾಕುವುದು ಮೋಟಾರ್ ಇರುವ ಯಂತ್ರಕ್ಕೆ. ಕನ್ಸಲ್ಟೆಂಟರ ಕೈ ಅಲ್ಲವಾದ್ದರಿಂದ ಈ ಸಾಲು ಫೈಲಿನಲ್ಲಿ ಬಿಟ್ಟುಹೋಗಿತ್ತು.

ಕ್ಲೋರಿನ್ ವಿಷಯದಲ್ಲಿ ಅವರು ಉದಾರಿಗಳು: ‘ತಕ್ಕಷ್ಟು ಪ್ರಮಾಣದಲ್ಲಿ’ ಅಂದಿದ್ದರು. ಉಪ್ಪಿಟ್ಟಿಗೆ ಉಪ್ಪು ಹಾಕುವ ಅಳತೆ ಇದು. ತಕ್ಕಷ್ಟು ಎಂದರೆ ಒಬ್ಬರ ಕೈಯಲ್ಲಿ ಒಂದು ಮುಚ್ಚಳ, ಇನ್ನೊಬ್ಬರ ಕೈಯಲ್ಲಿ ಅರ್ಧ ಬಾಟಲಿ. ಲೆಕ್ಕ ಹಾಕುವುದು ಏನೂ ಕಷ್ಟವಲ್ಲ. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 4 ಶೇಕಡಾ ಅಂತಿದ್ದರೆ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ ಕ್ಲೋರಿನ್ ಇರುತ್ತದೆ. ಹಿಟ್ಟು ತಗುಲುವ ಜಾಗಕ್ಕೆ ಬೇಕಾದದ್ದು 100 ಪಿಪಿಎಂ, ಅಂದರೆ 10 ಲೀಟರ್ ಬಕೆಟ್ಟಿಗೆ 1 ಗ್ರಾಂ. ಅದಕ್ಕೆ 25 ಎಂಎಲ್ ಸಾಕು. ಕೆಮ್ಮಿನ ಔಷಧದ ಜೊತೆ ಬರುವ ಅಳತೆ ಮುಚ್ಚಳದಂಥ ಒಂದನ್ನು ಇದಕ್ಕೆಂದೇ ಹೊಸದಾಗಿ ಇಟ್ಟುಕೊಂಡರೆ ಅಕ್ಷರ ಬಾರದವರೂ ಅಳೆಯಬಹುದು. ಎರಡು ನಿಮಿಷ ತಗುಲಿರಲಿ. ಹೆಚ್ಚು ಸುರಿದರೆ ಹೆಚ್ಚು ಶುದ್ಧ ಎಂಬ ಭಕ್ತಿ ಸಲ್ಲದು, ಹಿಟ್ಟು ಈಜುಕೊಳದ ವಾಸನೆ ಬೀರುತ್ತದೆ, ಸ್ಟೀಲಿಗೆ ಗುಳಿ ಬೀಳುತ್ತದೆ. ಹಿಟ್ಟಿನ ಪದರ ಉಳಿದಿದ್ದರಂತೂ ಕ್ಲೋರಿನ್ ಕ್ರಿಮಿಯ ಬದಲು ಆ ಹಿಟ್ಟಿನ ಮೇಲೆಯೇ ಖರ್ಚಾಗಿಬಿಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆ ಬೆರೆಸಿದರೆ ವಿಷಗಾಳಿ.

ಆ ಘಟಕದ ಬಾಟಲಿ ಕಿಟಕಿಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ಟೆಸ್ಟ್ ಸ್ಟ್ರಿಪ್ ಅದ್ದಿದರೆ ಬಣ್ಣವೇ ಬದಲಾಗಲಿಲ್ಲ. ಬಿಸಿಲಿಗೂ ಶಾಖಕ್ಕೂ ಹೈಪೋ ಸತ್ವ ಕಳೆದುಕೊಳ್ಳುತ್ತದೆ. ಎಷ್ಟೋ ದಿನದಿಂದ ಅಲ್ಲಿ ನೀರಿಗೆ ನೀರು ಬೆರೆಸಿ ಶುದ್ಧೀಕರಣ ನಡೆದಿತ್ತು. ಕಡೆಯಲ್ಲಿ ಎಲ್ಲವನ್ನೂ ಒಂದೇ ಬನಿಯನ್ ಬಟ್ಟೆಯಿಂದ ಒರೆಸುವ ಪದ್ಧತಿ ಬೇರೆ. ಮೇಜು ಒರೆಸಿದ ಬಟ್ಟೆಯೇ ಕಲ್ಲಿಗೂ ಬಂದರೆ ಅಷ್ಟು ಹೊತ್ತಿನ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಡ್ರಮ್ಮು ಬಾಗಿಸಿಟ್ಟು ಗಾಳಿಗೆ ಒಣಗಲು ಬಿಡಬೇಕು, ಅಷ್ಟೇ.

ಇನ್ನು ದಾಖಲೆ. ಶುಚಿತ್ವದ ರಿಜಿಸ್ಟರ್ ಮುತ್ತಿನಂಥ ಅಕ್ಷರದಲ್ಲಿತ್ತು. ಪ್ರತಿದಿನ ರಾತ್ರಿ 7.30, ಒಂದೇ ಪೆನ್ನು, ಒಂದೇ ಸಹಿ. ಬೀಗ ಹಾಕಿದ ಭಾನುವಾರಗಳಂದೂ ಗ್ರೈಂಡರ್ ತೊಳೆಯಲಾಗಿತ್ತು. ನಾನು ಮಧ್ಯಾಹ್ನ ನೋಡಿದಾಗ ಅಂದಿನ ರಾತ್ರಿಯ ತೊಳೆತವೂ ಮುಗಿದಿತ್ತು.

ಇಂಥ ಟಿಕ್ ಮಾರ್ಕಿಗಿಂತ ನಿಷ್ಠುರ ಸಾಕ್ಷಿ ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್. ಅದನ್ನು ನೀರಿನಲ್ಲಿ ತೆಳುಮಾಡಿ, ತೊಳೆದಿದೆ ಎನ್ನುವ ಸಂದಿಗೆ ಎರಡು ಹನಿ ಬಿಡಬೇಕು. ಪಿಷ್ಟ ಉಳಿದಿದ್ದರೆ ಕಡುನೀಲಿ ಆಗುತ್ತದೆ, ಇಲ್ಲದಿದ್ದರೆ ಅದರ ಕಂದು ಬಣ್ಣವೇ ಇರುತ್ತದೆ. ನೋಡಿದ ಮೇಲೆ ಆ ಜಾಗ ಮತ್ತೆ ತೊಳೆಯಬೇಕು. ಕ್ರಿಮಿ ಇದೆಯೋ ಇಲ್ಲವೋ ಇದು ಹೇಳದು, ಅದಕ್ಕೆ ಆಗಾಗ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಲೇಬೇಕು. ಆದರೆ ತೊಳೆದದ್ದು ನಿಜವೋ ಸುಳ್ಳೋ ಅನ್ನುವುದನ್ನು ಅಲ್ಲೇ ಹೇಳುತ್ತದೆ. ನಮ್ಮ ರಿಜಿಸ್ಟರಿನ ಪ್ರಕಾರ ಪರಮಶುದ್ಧವಾಗಿದ್ದ ಸ್ಕ್ರೇಪರ್ ಪಟ್ಟಿ ನೋಡುತ್ತಿದ್ದಂತೆ ಶಾಯಿ ಚೆಲ್ಲಿದಂತಾಯಿತು. ಮಾಲೀಕರು, “ಇದು ಹಳೇ ಕಲೆ ಸಾರ್” ಅಂದರು.

ಮಾಲೀಕರೇ, ಇನ್ನೊಬ್ಬ ಕನ್ಸಲ್ಟೆಂಟನ್ನು ಹುಡುಕಬೇಡಿ. ಈ ಶನಿವಾರ ರಾತ್ರಿ ಆ ಅಕ್ಕನ ಪಕ್ಕದಲ್ಲಿ ನಿಂತು, ಅವರು ಯಾವುದನ್ನು ಮೊದಲು ಬಿಚ್ಚುತ್ತಾರೆ, ಎಲ್ಲಿ ಬ್ರಷ್ಷು ಹೋಗುವುದಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳಿ. ಒಂದು ಹಾಳೆಗೆ ಮೀರಲಾರದು. ಅದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಗ್ರೈಂಡರಿನ ಮೇಲಿನ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಮೊಳೆ ಹೊಡೆದು ಸ್ಪ್ಯಾನರ್ ನೇತುಹಾಕಿ. ಮೆಕ್ಯಾನಿಕ್ಕಿಗೆ ಅವನದೇ ಸ್ಪ್ಯಾನರ್ ತರಲು ಹೇಳಿ.