ಎರಡೆಕರೆ ಪಾಸ್, ನಾಲ್ಕೆಕರೆ ಪಾಸ್, ಆರೆಕರೆ ಪಾಸ್

ಪಾವಗಡದ ತಿರುಮಣಿ ಸುತ್ತಿನ ಐದು ಊರುಗಳ ರೈತರು ಸೋಲಾರ್ ಪಾರ್ಕಿಗೆ ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಸುಮಾರು 13,000 ಎಕರೆ ಜಮೀನು, 2,050 ಮೆಗಾವ್ಯಾಟ್ ವಿದ್ಯುತ್ತು. ಶುರುವಿನ ಗುತ್ತಿಗೆ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಇಂಥದೊಂದು ಗುತ್ತಿಗೆ ಹಣ ಲೆಕ್ಕ ಹಾಕುವ ತಂತ್ರಾಂಶ ಬೇಕು ಅಂದರೆ ಬೆಂಗಳೂರಿನ ಯಾವ ಡೆವಲಪರ್ ಆದರೂ ಮಧ್ಯಾಹ್ನದ ಊಟಕ್ಕೆ ಮೊದಲೇ ಬರೆದು ಬಿಸಾಕುತ್ತಾನೆ:

```
rent = round(extent * 21000)
```

ಊಟ ಆದಮೇಲೆ ಟೆಸ್ಟಿಂಗ್. ಪಾರ್ಕಿನವರ ತಂತ್ರಾಂಶ ಹೀಗಿದೆ ಎಂದು ನಾನು ಹೇಳುತ್ತಿಲ್ಲ. ಅವರ ಪಾಡಿಗೆ ಅವರು ಚೆನ್ನಾಗಿರಲಿ. ಇದು ನಾನೇ ಕಟ್ಟಿದ ತಂತ್ರಾಂಶ, ನಾನೇ ನೇಮಿಸಿದ ಟೆಸ್ಟರ್. ಸಂಬಳ ಕೊಡಬೇಕಿಲ್ಲವಾದ್ದರಿಂದ ಅವನನ್ನು ಬೈಯುವ ಹಕ್ಕು ನನಗೆ ಪೂರ್ತಿ ಇದೆ.

ನಮ್ಮ ಟೆಸ್ಟರ್ ಮಹಾಶಯ ಶಿಸ್ತಿನ ಮನುಷ್ಯ. 2 ಎಕರೆ ಹಾಕಿದ, 42,000 ಬಂತು, ಪಾಸ್. 4 ಎಕರೆ ಹಾಕಿದ, 84,000, ಪಾಸ್. 6 ಎಕರೆ, 1,26,000, ಪಾಸ್. ಇಷ್ಟಕ್ಕೇ ಬಿಟ್ಟರೆ ಸೋಮಾರಿ ಅಂದಾರು ಅಂತ 10, 50, 100 ಎಕರೆಯನ್ನೂ ಹಾಕಿದ. ಎಲ್ಲವೂ ಪಾಸ್. ಎಕ್ಸೆಲ್ ಹಾಳೆಯ ಒಂದು ಕಂಬ ಪೂರ್ತಿ ಹಸಿರಾಯಿತು. ಪಾವಗಡದಲ್ಲಿ ಅಷ್ಟು ಹಸಿರು ಒಂದೇ ಕಡೆ ಕಾಣಬೇಕಾದರೆ ಒಳ್ಳೆಯ ಮಳೆಗಾಲವೇ ಬರಬೇಕು. ಮ್ಯಾನೇಜರ್ ಬೆನ್ನು ತಟ್ಟಿದರು, ಶುಕ್ರವಾರ ರಿಲೀಸ್ ಆಯಿತು.

ಸೋಮವಾರ ರೈತನೊಬ್ಬ ಪಹಣಿ ಹಿಡಿದುಕೊಂಡು ಬಂದ. "ಸಾರ್, ನಮ್ದು ಎರಡು ಮುಕ್ಕಾಲು ಎಕರೆ. ದುಡ್ಡು ಕಡಿಮೆ ಬಂದೈತೆ."

ಪಹಣಿಯಲ್ಲಿದ್ದದ್ದು 2 ಎಕರೆ 30 ಗುಂಟೆ. ಎಕರೆಗೆ 40 ಗುಂಟೆ ಎಂಬುದು ಆ ರೈತನ ಮನೆಯ ಮಕ್ಕಳಿಗೂ ಗೊತ್ತು. 30 ಗುಂಟೆ ಅಂದರೆ ಮುಕ್ಕಾಲು ಎಕರೆ. 2.75ಕ್ಕೆ 21,000 ಗುಣಿಸಿದರೆ 57,750 ರೂಪಾಯಿ. ಆದರೆ ಎಕರೆ ಗುಂಟೆಗಳ ನಡುವೆ ಚುಕ್ಕಿ ಇಟ್ಟು 2.30 ಎಂದು ಬರೆಯುವ ರೂಢಿ ನಮ್ಮಲ್ಲಿದೆ. ತಂತ್ರಾಂಶ ಆ ಚುಕ್ಕಿಯನ್ನು ದಶಮಾಂಶ ಅಂದುಕೊಂಡಿತು. 2.30ಕ್ಕೆ 21,000 ಗುಣಿಸಿ 48,300 ಕೊಟ್ಟಿತು. ರೈತನಿಗೆ 9,450 ರೂಪಾಯಿ ಖೋತಾ.

ಈಗ ಟೆಸ್ಟರ್ ಮಹಾಶಯನ ಹಸಿರು ಕಂಬವನ್ನು ಇನ್ನೊಮ್ಮೆ ನೋಡಿ. ಚುಕ್ಕಿಯನ್ನು ಗುಂಟೆ ಅಂದುಕೊಂಡರೂ ದಶಮಾಂಶ ಅಂದುಕೊಂಡರೂ ಒಂದೇ ಉತ್ತರ ಬರಬೇಕಾದರೆ ಗುಂಟೆಯ ಜಾಗದಲ್ಲಿ ಸೊನ್ನೆಯೇ ಇರಬೇಕು. ಸೊನ್ನೆಯಿಂದ 39ರವರೆಗೆ ಇರುವ ನಲವತ್ತು ಸಾಧ್ಯತೆಗಳಲ್ಲಿ ತಪ್ಪಿಗೆ ಬಚ್ಚಿಟ್ಟುಕೊಳ್ಳಲು ಸಿಗುವುದು ಅದೊಂದೇ ಜಾಗ. ನಮ್ಮವನು ಪ್ರತಿ ಸಲವೂ ಹುಡುಕಿ ಹುಡುಕಿ ಅಲ್ಲಿಗೇ ಹೋಗಿ, ಬಾಗಿಲು ತಟ್ಟಿ, "ಒಳಗೆ ಯಾರೂ ಇಲ್ಲ" ಎಂದು ಬರೆದುಕೊಂಡು ಬಂದಿದ್ದಾನೆ. ಇದಕ್ಕೂ ಒಂದು ಪ್ರತಿಭೆ ಬೇಕು.

ಈ ಪ್ರತಿಭೆ ಹೊಸದೇನಲ್ಲ. 1960ರಲ್ಲಿ ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 29 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಆಟ ಕೊಟ್ಟ. ಅದರಲ್ಲೂ ಇದ್ದದ್ದು 2, 4, 6. ಈ ಮೂರು ಅಂಕಿಗಳು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಹೊಂದುತ್ತವೆ. ನೀವೂ ಮೂರು ಮೂರು ಅಂಕಿ ಹೇಳಿ, ಹೊಂದುತ್ತವೋ ಇಲ್ಲವೋ ತಿಳಿಸುತ್ತೇನೆ. ಖಾತ್ರಿಯಾದಾಗ ನಿಯಮ ಹೇಳಿ ಅಂದ. ಹುಡುಗರಿಗೆ "ಎರಡೆರಡು ಹೆಚ್ಚುತ್ತಾ ಹೋಗುತ್ತದೆ" ಎಂದು ಹೊಳೆಯಿತು. 8, 10, 12 ಅಂದರು, ಹೊಂದುತ್ತದೆ ಅಂದ. 20, 22, 24 ಅಂದರು, ಅದೂ ಹೊಂದಿತು. ಎದೆಯುಬ್ಬಿಸಿ ನಿಯಮ ಹೇಳಿದರು, ತಪ್ಪಾಯಿತು. ವೇಸನ್‌ನ ನಿಯಮ ಇಷ್ಟೇ: ಅಂಕಿಗಳು ಏರುತ್ತಾ ಹೋಗಬೇಕು. 1, 2, 50 ಎಂದು ಒಂದೇ ಒಂದು ಸಲ ಕೇಳಿದ್ದರೆ ಎರಡೆರಡರ ನಂಬಿಕೆ ಅಲ್ಲೇ ಮುರಿದುಬೀಳುತ್ತಿತ್ತು. ಮೊದಲ ಸಲಕ್ಕೇ ಸರಿ ಹೇಳಿದವರು 6 ಮಂದಿ. ಉಳಿದವರು ತಮ್ಮ ನಂಬಿಕೆಗೆ ತಾವೇ ಸಾಕ್ಷಿ ಹುಡುಕಿಕೊಂಡು ಕೂತಿದ್ದರು. ಮನಶ್ಶಾಸ್ತ್ರದವರು ಇದನ್ನು ದೃಢೀಕರಣ ಪಕ್ಷಪಾತ ಎನ್ನುತ್ತಾರೆ.

ನಮ್ಮ ಕಥೆಯಲ್ಲಿ ಇದಕ್ಕಿಂತ ರುಚಿಯಾದ ಭಾಗ ಬೇರೆ ಇದೆ. ಟೆಸ್ಟರ್ ಮಹಾಶಯ ರಿಲೀಸಿಗೆ ಮೊದಲೇ ಒಂದು ಸಲ, ಕೈತಪ್ಪಿ ಅಂತಲೇ ಹೇಳೋಣ, 2.10 ಎಂದು ಹಾಕಿದ್ದ. ಉಳಿಸಿ ಮತ್ತೆ ತೆರೆದಾಗ ಪರದೆಯ ಮೇಲೆ 2.1 ಇತ್ತು. ದಶಮಾಂಶದ ಲೋಕದಲ್ಲಿ ಕೊನೆಯ ಸೊನ್ನೆಗೆ ಬೆಲೆಯಿಲ್ಲ, ತಂತ್ರಾಂಶ ಅದನ್ನು ಗುಡಿಸಿ ಹಾಕಿತ್ತು. ಗುಂಟೆಯ ಲೋಕದಲ್ಲಿ ಆ ಸೊನ್ನೆ ಹೋದರೆ ಹತ್ತು ಗುಂಟೆ ಒಂದು ಗುಂಟೆಯಾಗುತ್ತದೆ. ಕಳ್ಳ ತಾನಾಗೇ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ. ನಮ್ಮವನು ಅವನಿಗೆ ಟೀ ಕುಡಿಸಿ ಕಳಿಸಿದ. "ಡಿಸ್‌ಪ್ಲೇ ಇಶ್ಯೂ, ಸಣ್ಣದು" ಎಂದು ಬರೆದ.

ಇನ್ನೊಂದು ಸಲ ಒಬ್ಬನೇ ರೈತನ ಎರಡು ತುಂಡು ಜಮೀನು ಕೂಡಿಸಿ ನೋಡಿದ. 1.25ಕ್ಕೆ 1.25 ಕೂಡಿಸಿದರೆ 2.50 ಬಂತು. ಎರಡೆಕರೆ ಐವತ್ತು ಗುಂಟೆ ಎಂಬ ಜಮೀನು ಭೂಮಿಯ ಮೇಲೆ ಎಲ್ಲೂ ಇಲ್ಲ. ನಲವತ್ತು ತುಂಬಿದ ಕೂಡಲೇ ಅದು ಎಕರೆಯಾಗಿಬಿಡುತ್ತದೆ. ಸರಿಯಾದ ಉತ್ತರ 3 ಎಕರೆ 10 ಗುಂಟೆ. ಆದರೆ ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕಕ್ಕೆ 2.50 ಸರಿಹೊಂದಿತಲ್ಲ, ಪಾಸ್. ಕೆಟ್ಟ ಟೆಸ್ಟರ್‌ಗೆ ತಪ್ಪು ಕಾಣುವುದಿಲ್ಲ ಅಂತ ಜನ ತಿಳಿದಿದ್ದಾರೆ. ಕಾಣುತ್ತದೆ ಸ್ವಾಮಿ, ಕಣ್ಣಿಗೆ ರಾಚುವಂತೆ ಕಾಣುತ್ತದೆ. ಕಂಡ ಮೇಲೆ ಅದಕ್ಕೊಂದು ಸಮಾಧಾನ ಹೊಸೆಯುವುದರಲ್ಲಿ ಅವನ ಬುದ್ಧಿಯೆಲ್ಲ ಖರ್ಚಾಗುತ್ತದೆ. ಟೆಸ್ಟ್ ಡೇಟಾ ಸರಿಯಿಲ್ಲ, ಸರ್ವರ್ ನಿಧಾನ, ತೆರಿಗೆ ಕಡಿತ ಇರಬಹುದು, ಬಳಕೆದಾರನಿಗೆ ಬಳಸಲು ಬರುವುದಿಲ್ಲ. ಕೊನೆಯದಂತೂ ರಾಮಬಾಣ.

ಇನ್ನು ದಾಖಲೆಯ ಮೇಲಿನ ಭಕ್ತಿ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಜಿಲ್ಲಾವಾರು ತೋರಿಸುವ ತಂತ್ರಾಂಶ ಇದೇ ಮಹಾಶಯನ ಕೈಗೆ ಬಂತು ಅಂದುಕೊಳ್ಳಿ. ಅವನು ಕೊರಟಗೆರೆಯಲ್ಲೇ ಓದಿ ಬೆಳೆದವನು ಅಂತಲೂ ಇಟ್ಟುಕೊಳ್ಳೋಣ. ಕಂದಾಯದ ಲೆಕ್ಕದಲ್ಲಿ ಕರ್ನಾಟಕಕ್ಕೆ 31 ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 35. ಚಿಕ್ಕೋಡಿ, ಶಿರಸಿಗಳಂತೆ ಮಧುಗಿರಿಯೂ ಒಂದು ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಕ್ಕಳ ಫಲಿತಾಂಶ ಬರುವುದು ಮಧುಗಿರಿಯ ಲೆಕ್ಕಕ್ಕೆ, ತುಮಕೂರಿನದಕ್ಕಲ್ಲ. ಡೆವಲಪರ್ ಎಲ್ಲಿಂದಲೋ 31 ಜಿಲ್ಲೆಗಳ ಪಟ್ಟಿ ತಂದು ಅಂಟಿಸಿದ. ಟೆಸ್ಟರ್‌ನ ಕೈಲಿದ್ದ ಕಾಗದದಲ್ಲೂ 31 ಎಂದಿತ್ತು. ಪರದೆಯಲ್ಲಿ ಎಣಿಸಿದ, 31. ಪಾಸ್. ಶಿರಾದ ಹುಡುಗಿಯೊಬ್ಬಳ ಫಲಿತಾಂಶ ಯಾವ ಜಿಲ್ಲೆ ಒತ್ತಿದರೆ ಸಿಗುತ್ತದೆ ಎಂದು ನೋಡಲಿಲ್ಲ. ಹತ್ತನೇ ಕ್ಲಾಸಿನಲ್ಲಿ ತನ್ನ ಫಲಿತಾಂಶ ಯಾವ ಜಿಲ್ಲೆಯ ಹೆಸರಿನಡಿ ಬಂದಿತ್ತು ಎಂದು ಅವನಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಗೊತ್ತಿರುವುದನ್ನು ಕಾಗದ ಕೇಳಿರಲಿಲ್ಲ.

ಸರಿ, ಬೈದದ್ದಾಯಿತು, ಮದ್ದೇನು? "ನೆಗೆಟಿವ್ ಟೆಸ್ಟ್ ಮಾಡಿ" ಎಂಬ ಉಪದೇಶ ಎಲ್ಲ ತರಬೇತಿಗಳಲ್ಲೂ ಸಿಗುತ್ತದೆ. ನಮ್ಮವನೂ ಅದನ್ನು ಕೇಳಿ ಬಂದು ವಿಸ್ತೀರ್ಣದ ಜಾಗದಲ್ಲಿ -5 ಹಾಕಿದ, @#$ ಹಾಕಿದ, ಖಾಲಿ ಬಿಟ್ಟ. ತಂತ್ರಾಂಶ ಎಲ್ಲವನ್ನೂ ಕೆಂಪಕ್ಷರದಲ್ಲಿ ತಿರಸ್ಕರಿಸಿತು. ಇನ್ನೂ ಮೂರು ಹಸಿರು! ಇವು ಬೇಡವೆಂದಲ್ಲ, ಆದರೆ ಚುಕ್ಕಿ ಅಂದರೆ ದಶಮಾಂಶ ಎಂಬ ಮೂಲ ನಂಬಿಕೆಯನ್ನು ಇವು ಮುಟ್ಟುವುದೇ ಇಲ್ಲ. @#$ ಎಕರೆ ಜಮೀನಿನ ಒಡೆಯ ಪಾವಗಡದಲ್ಲಿ ಇನ್ನೂ ಹುಟ್ಟಿಲ್ಲ. 2 ಎಕರೆ 30 ಗುಂಟೆಯವನು ಹೊರಗೆ ಸಾಲಿನಲ್ಲಿ ನಿಂತಿದ್ದಾನೆ.

ಕೇಳಿಕೊಳ್ಳಬೇಕಾದದ್ದು ಬೇರೆ: ನಾನು ಅಂದುಕೊಂಡದ್ದು ತಪ್ಪಾಗಿದ್ದರೆ ಯಾವ ಅಂಕಿ ಹಾಕಿದಾಗ ಉತ್ತರ ಬೇರೆಯಾಗುತ್ತದೆ? ಇದಕ್ಕೆ ಎದುರಾಳಿ ನಂಬಿಕೆಯೊಂದನ್ನು ಬಾಯಿಬಿಟ್ಟು ಹೇಳಿ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಚುಕ್ಕಿ ದಶಮಾಂಶವೋ, ಗುಂಟೆಯೋ? ಎರಡೂ ಸಾಲು ಬರೆದಿಟ್ಟುಕೊಂಡರೆ 2, 4, 6 ಎಕರೆಗಳಲ್ಲಿ ಎರಡಕ್ಕೂ ಒಂದೇ ಉತ್ತರ ಬರುವುದು ಕಾಣುತ್ತದೆ. ಅಂದರೆ ಅವು ಹಸಿರಾದರೂ ಒಂದೇ, ಆಗದಿದ್ದರೂ ಒಂದೇ. ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. 2.30ರಲ್ಲಿ ದಾರಿ ಕವಲೊಡೆಯುತ್ತದೆ. 2.40 ಹಾಕಿದರೆ ಇನ್ನೂ ಮಜಾ: ಗುಂಟೆ ಗೊತ್ತಿರುವ ತಂತ್ರಾಂಶ ಅದನ್ನು ಒಪ್ಪಲೇಬಾರದು.

ಇನ್ನೊಂದು ಅಭ್ಯಾಸ ಬಡವರದ್ದು, ಪೆನ್ಸಿಲ್ ಒಂದಿದ್ದರೆ ಸಾಕು. ಬಟನ್ ಒತ್ತುವ ಮೊದಲೇ ಉತ್ತರ ಬರೆದಿಡುವುದು. ನಮ್ಮಲ್ಲಿ ಬಹಳ ಕಡೆ "ನಿರೀಕ್ಷಿತ ಫಲಿತಾಂಶ" ಎಂಬ ಕಂಬ ತುಂಬುವುದು ತಂತ್ರಾಂಶ ಓಡಿಸಿದ ಮೇಲೆ, ಪರದೆ ನೋಡಿಕೊಂಡು. ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ಮೌಲ್ಯಮಾಪನ ಎಲ್ಲವೂ ಒಬ್ಬನೇ ವಿದ್ಯಾರ್ಥಿಯ ಕೈಯಲ್ಲಿದ್ದರೆ ನೂರಕ್ಕೆ ನೂರು ಬರದೆ ಇನ್ನೇನು? 57,750 ಎಂದು ಮೊದಲೇ ಬರೆದಿಟ್ಟವನಿಗೆ 48,300 ಕಂಡಾಗ ಸಮಾಧಾನ ಹೊಸೆಯುವುದು ಅಷ್ಟು ಸುಲಭವಲ್ಲ. ತನ್ನದೇ ಅಕ್ಷರ ಎದುರಿಗೆ ಕೂತಿರುತ್ತದೆ. ಆ ಲೆಕ್ಕವನ್ನು ಡೆವಲಪರ್‌ನನ್ನು ಕೇಳಿ ಮಾಡಬಾರದು, ಅವನ ತಪ್ಪೇ ನಿಮ್ಮ ಕಾಗದಕ್ಕೂ ಬರುತ್ತದೆ. ಸರ್ವೇಯರ್ ಒಬ್ಬರನ್ನೋ ಗ್ರಾಮ ಆಡಳಿತ ಅಧಿಕಾರಿಯನ್ನೋ ಕೇಳಿ, ಅಥವಾ ಆ ರೈತನನ್ನೇ ಕೇಳಿ. ಅವರಿಗೆ ಕೋಡ್ ಬರುವುದಿಲ್ಲ ಎಂಬುದೇ ಅವರ ಅರ್ಹತೆ.

ಇಷ್ಟೆಲ್ಲ ಮಾಡಿದರೂ ಎಲ್ಲ ತಪ್ಪು ಸಿಕ್ಕಿಬಿಡುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎದುರಾಳಿ ನಂಬಿಕೆ ಹೊಳೆದರೆ ತಾನೇ ಪಕ್ಕದಲ್ಲಿ ಇಟ್ಟುಕೊಳ್ಳುವುದು? ಗುಂಟೆ ಎಂಬ ಮಾತನ್ನೇ ಕೇಳದವನಿಗೆ ಅದು ಹೊಳೆಯುವುದಿಲ್ಲ. ಅಂಥವನಿಗೆ ಕಂಪನಿಯವರು ಇನ್ನೊಂದು ತರಬೇತಿ ಕೊಡಿಸುವ ಬದಲು ತಿರುಮಣಿಗೆ ಒಂದು ಬಸ್ ಟಿಕೆಟ್ ಕೊಡಿಸಲಿ, ಹತ್ತು ಪಹಣಿ ಓದಿಸಲಿ. ಗುಂಟೆಯ ಜಾಗದಲ್ಲಿ ಸೊನ್ನೆ ಇಲ್ಲದ ಪಹಣಿ ಅವನಿಗೆ ಅಲ್ಲೇ ಕಾಣುತ್ತದೆ.

ಅಲ್ಲಿಯವರೆಗೆ ಜಮೀನಿನ ಲೆಕ್ಕದ ಯಾವುದೇ ತಂತ್ರಾಂಶ ನಿಮ್ಮ ಮೇಜಿಗೆ ಬಂದರೆ ಮೊದಲು 2 ಎಕರೆ 39 ಗುಂಟೆ ಹಾಕಿ. ಎಕರೆಗೆ 21,000ದಂತೆ 62,475 ಬರಬೇಕು. 50,190 ಬಂದರೆ ಪಾಸ್ ಎಂದು ಬರೆಯುವ ಮೊದಲು ಡೆವಲಪರ್‌ನನ್ನು ಕರೆಯಿರಿ.